ಉಪವಾಸದ ಐದನೇ ದಿನ ಹೊಟ್ಟೆ ಕಟ್ಟಿದಾಗ

ಆಸ್ಪತ್ರೆಯಲ್ಲಿ ರೋಗಿಗಳಿಗೆ ಊಟದ ಪಟ್ಟಿ ಬರೆದುಕೊಡುವುದು ನನ್ನ ಕೆಲಸ. ನೀರು ಕುಡೀರಿ, ನಾರು ತಿನ್ನಿ ಅಂತ ದಿನಕ್ಕೆ ಹತ್ತು ಸಲವಾದರೂ ಹೇಳುತ್ತೇನೆ. ಹೀಗಿದ್ದೂ ಮೊದಲ ಸಲ 12 ದಿನದ ಉಪವಾಸ ಹಿಡಿದಾಗ ಐದನೇ ದಿನಕ್ಕೆ ನನ್ನ ಹೊಟ್ಟೆಯೇ ಕಟ್ಟಿತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ!

ಉಪವಾಸದ ಕ್ರಮ ಹೀಗಿತ್ತು. ಸೂರ್ಯ ಹುಟ್ಟುವ ಮೊದಲು ಒಂದು ಊಟ, ಮುಳುಗಿದ ಮೇಲೆ ಒಂದು ಊಟ, ನಡುವೆ ನೀರೂ ಇಲ್ಲ. ಬೆಳಗ್ಗೆ 4.45ಕ್ಕೆ ಬಾಯಿ ಕಟ್ಟಿದರೆ ಬಿಡುವುದು ಸಂಜೆ 6.30ಕ್ಕೆ. ಮೊದಲ ಮೂರು ದಿನ ಕಕ್ಕಸಿಗೆ ಹೋಗಲೇ ಇಲ್ಲ, ಚಿಂತೆಯೂ ಆಗಲಿಲ್ಲ. ತಿನ್ನುವುದೇ ಕಡಿಮೆಯಾದಾಗ ಹೊರಗೆ ಬರುವುದೂ ಕಡಿಮೆ, ಅಲ್ವಾ? ಈ ಲೆಕ್ಕ ಅರ್ಧ ಸರಿ. ಒಂದೆರಡು ದಿನ ಹೋಗದಿದ್ದರೆ ಅದು ಮಲಬದ್ಧತೆ ಅಲ್ಲ. ಎಷ್ಟು ದಿನಕ್ಕೆ ಹೋದೆವು ಅನ್ನುವುದಕ್ಕಿಂತ ಹೋದಾಗ ಹೇಗಿತ್ತು ಅಂತ ನೋಡಬೇಕು. ಮೆತ್ತಗಿದ್ದು, ತಿಣುಕದೆ ಬಂದರೆ ಉಪವಾಸದಲ್ಲಿ ಎರಡು ದಿನಕ್ಕೊಮ್ಮೆ ಆದರೂ ತೊಂದರೆ ಇಲ್ಲ. ನನಗೆ ಐದನೇ ದಿನ ಬಂದದ್ದು ಮೇಕೆ ಹಿಕ್ಕೆಯಂಥ ನಾಲ್ಕು ಗಟ್ಟಿ ಉಂಡೆ, ಅದೂ ಕಣ್ಣಲ್ಲಿ ನೀರು ಬರುವಷ್ಟು ತಿಣುಕಿದ ಮೇಲೆ. ನಾವು ಕೆಲಸದಲ್ಲಿ ಬಳಸುವ ಬ್ರಿಸ್ಟಲ್ ಮಾಪಕದಲ್ಲಿ ಮಲದ ರೂಪವನ್ನು ಏಳು ಬಗೆಯಾಗಿ ಹೇಳುತ್ತಾರೆ. ಬಿಡಿ ಬಿಡಿ ಉಂಡೆಯಾದರೆ ಒಂದನೇ ಬಗೆ, ಉಂಡೆಗಳು ಅಂಟಿಕೊಂಡು ಉದ್ದಕ್ಕಿದ್ದರೆ ಎರಡನೇ ಬಗೆ. ಇವೆರಡೂ ಮಲಬದ್ಧತೆಯ ಗುರುತು. ಮೂರು, ನಾಲ್ಕು ಇದ್ದರೆ ಸರಿ.

ಆಗ ನಾನು ಮಾಡಿದ ತಪ್ಪನ್ನು ಪೂರ್ತಿ ಹೇಳಬೇಕು, ಏಕೆಂದರೆ ಇದನ್ನೇ ಬಹಳ ಜನ ಮಾಡುತ್ತಾರೆ. ಆರನೇ ದಿನ ಬೆಳಗಿನ ಜಾವ 4.30ಕ್ಕೆ ಎರಡು ದೊಡ್ಡ ಚಮಚ ಇಸಬ್ಗೋಲನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿದೆ. ನಾರು ಕಡಿಮೆಯಾಗಿದೆ, ನಾರು ಹಾಕಿದರೆ ಆಯಿತು ಅಂತ. ಅದಾದ ಮೇಲೆ ಹತ್ತಿರ ಹತ್ತಿರ 14 ಗಂಟೆ ತೊಟ್ಟು ನೀರಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಕಲ್ಲಾಯಿತು, ಗಾಳಿ ತುಂಬಿತು, ಎಡಗಡೆ ಹಿಡಿದುಹಿಡಿದು ನೋವು. ಏಳನೇ ದಿನ ತಿಣುಕಿ ತಿಣುಕಿ ಗುದದಲ್ಲಿ ಸಣ್ಣ ಬಿರುಕು ಬಿಟ್ಟು ರಕ್ತದ ಗೆರೆ ಕಾಣಿಸಿತು.

ಇಸಬ್ಗೋಲ್ ಕೆಲಸ ಮಾಡುವುದು ನೀರನ್ನು ಹಿಡಿದಿಟ್ಟುಕೊಂಡು ಲೋಳೆಯಾಗಿ. ನೀರಿಲ್ಲದಿದ್ದರೆ ಅದು ಇನ್ನೊಂದು ಅಂಟುಮುದ್ದೆ ಅಷ್ಟೆ. ಒಂದು ಚಹಾ ಚಮಚಕ್ಕೆ ಕಡಿಮೆ ಅಂದರೂ 250 ಮಿಲಿ ನೀರು ಬೇಕು, ಹಿಂದೆಯೇ ಇನ್ನೊಂದು ಲೋಟ ಕುಡಿದರೆ ಇನ್ನೂ ಒಳ್ಳೆಯದು. ಕಡಿಮೆ ನೀರಿನಲ್ಲಿ ನುಂಗಿದರೆ ಗಂಟಲಲ್ಲೋ ಅನ್ನನಾಳದಲ್ಲೋ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಬಾಯಿ ಕಟ್ಟುವ ಕೊನೆಯ ಗಳಿಗೆಯಲ್ಲಿ ತೆಗೆದುಕೊಳ್ಳಲೇಬಾರದ ವಸ್ತು ಅದು.

ಏಳನೇ ದಿನ ರಾತ್ರಿ ವೈದ್ಯರನ್ನು ಕೇಳಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ 17 ಗ್ರಾಂ ಅನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕರಗಿಸಿ ಕುಡಿದೆ. ಕುಡಿದ ನೀರನ್ನು ಕರುಳಿನಲ್ಲೇ ಉಳಿಸುವ ಪುಡಿ ಅದು. ತಕ್ಷಣ ಏನೂ ಆಗಲ್ಲ, ಒಂದರಿಂದ ಮೂರು ದಿನ ಬೇಕು. ನನಗೆ ಒಂಬತ್ತನೇ ದಿನ ಬೆಳಗ್ಗೆ ಬಿಡುಗಡೆಯಾಯಿತು.

ಉಪವಾಸ ಮುಗಿದ ಮೇಲೆ ಕೂತು ಲೆಕ್ಕ ಹಾಕಿದೆ. ರಾತ್ರಿ ಹತ್ತಕ್ಕೆ ಮಲಗಿ ಬೆಳಗ್ಗೆ ನಾಲ್ಕಕ್ಕೆ ಏಳುತ್ತಿದ್ದೆ. ಅಂದರೆ ನೀರು ಕುಡಿಯಲು ಎಚ್ಚರವಿರುವ ಹೊತ್ತು ಇಡೀ ದಿನದಲ್ಲಿ ನಾಲ್ಕೂಕಾಲು ಗಂಟೆ ಮಾತ್ರ! ಅದರಲ್ಲಿ ನಾನು ಸಂಜೆ ಮೂರು ಲೋಟ ಒಂದೇ ಉಸಿರಿಗೆ ಕುಡಿದು, ಬೆಳಗ್ಗೆ ಒಂದು ಲೋಟಕ್ಕೆ ಮುಗಿಸುತ್ತಿದ್ದೆ. ಒಂದೇ ಸಲ ಕುಡಿದದ್ದರಲ್ಲಿ ಒಂದಷ್ಟು ಪಾಲು ಬೇಗನೆ ಮೂತ್ರವಾಗಿ ಹೋಗುತ್ತದೆ. ಊಟವೋ, ಬಿಳಿ ಬ್ರೆಡ್, ಮೊಟ್ಟೆ, ಕರಿದದ್ದು, ಸೋಸಿದ ಹಣ್ಣಿನ ರಸ. ದಿನಕ್ಕೆ 8 ಗ್ರಾಂ ನಾರು ಕೂಡ ಇರಲಿಲ್ಲ, ಬೇಕಾದದ್ದು 25ರಿಂದ 30 ಗ್ರಾಂ. ದೇಹಕ್ಕೆ ನೀರು ಸಾಲದಾದಾಗ ಅದು ದೊಡ್ಡ ಕರುಳಿನಿಂದಲೂ ಹೆಚ್ಚು ನೀರು ಎಳೆದುಕೊಳ್ಳುತ್ತದೆ, ಮಲ ಅಲ್ಲಿ ಎಷ್ಟು ಹೊತ್ತು ಕೂತಿರುತ್ತದೋ ಅಷ್ಟು ಒಣಗುತ್ತದೆ.

ಮುಂದಿನ ವರ್ಷ ಉಪವಾಸಕ್ಕೆ ಒಂದು ವಾರ ಮೊದಲೇ ತಯಾರಿ ಶುರು ಮಾಡಿದೆ. ನಾರನ್ನು ಒಮ್ಮೆಲೇ ಏರಿಸಿದರೆ ಗಾಳಿ ತುಂಬಿ ಒದ್ದಾಟ, ಆದ್ದರಿಂದ ಎರಡು ಮೂರು ದಿನಕ್ಕೆ 5 ಗ್ರಾಂನಂತೆ ಏರಿಸಿದೆ. ಹೊಟ್ಟೆ ಕಟ್ಟಿಕೊಂಡೇ ಉಪವಾಸಕ್ಕೆ ಇಳಿದರೆ ಮೊದಲ ದಿನದಿಂದಲೇ ಕಷ್ಟ ಅನ್ನುವುದು ಗೊತ್ತಾಗಿತ್ತಲ್ಲ.

ನೀರಿಗೆ ಗಡಿಯಾರ ಇಟ್ಟೆ. 6.30ಕ್ಕೆ ಎರಡು ಲೋಟ, ಅದರ ಜೊತೆ ಹಣ್ಣು. 7.45ಕ್ಕೆ ಒಂದು, 8.30ಕ್ಕೆ ಒಂದು, 9.30ಕ್ಕೆ ಒಂದು. ಬೆಳಗ್ಗೆ ಎದ್ದ ಕೂಡಲೇ ಒಂದು, 4.40ಕ್ಕೆ ಕೊನೆಯದು. ಲೋಟಕ್ಕೆ 250 ಮಿಲಿ ಅಂದರೆ ಒಟ್ಟು 1750 ಮಿಲಿ. ಸೂಪು, ಹಣ್ಣು, ಮೊಸರಿನಿಂದ ಬರುವುದು ಬೇರೆ. ಇದಕ್ಕಿಂತ ಜಾಸ್ತಿ ಕುಡಿಯಲು ಹೋಗಲಿಲ್ಲ. ನೀರು ಸಾಕಷ್ಟು ಇದ್ದವರು ಇನ್ನೂ ಎರಡು ಲೀಟರ್ ಸುರಿದುಕೊಂಡರೂ ಮಲ ಮೆತ್ತಗಾಗಲ್ಲ, ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ ಅಷ್ಟೆ. ಸಾಕಾಗಿದೆಯೋ ಇಲ್ಲವೋ ಅನ್ನುವುದನ್ನು ಮಲಗುವ ಮುಂಚಿನ ಮೂತ್ರದ ಬಣ್ಣ ನೋಡಿ ತಿಳಿಯುತ್ತಿದ್ದೆ. ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ಮಲಗುವ ಮೊದಲು ಇನ್ನೊಂದು ಲೋಟ.

ನಾರಿನ ಬಹುಪಾಲನ್ನು ಸಂಜೆಗೇ ಇಟ್ಟೆ, ಹಿಂದೆಯೇ ನೀರು ಕುಡಿಯಲು ಮೂರು ಗಂಟೆ ಸಿಗುತ್ತದೆ ಅಂತ. ಒಂದು ಕಪ್ ಬೆಂದ ಬೇಳೆಕಾಳಿನಲ್ಲಿ ಸುಮಾರು 15 ಗ್ರಾಂ, ಸಿಪ್ಪೆ ಸಮೇತ ಒಂದು ಪಿಯರ್ ಹಣ್ಣಿನಲ್ಲಿ 5 ಗ್ರಾಂನಷ್ಟು. ಬೆಳಗ್ಗೆ ಅರ್ಧ ಕಪ್ ಓಟ್ಸನ್ನು ಹಾಲಿನಲ್ಲಿ ತೆಳ್ಳಗೆ ಬೇಯಿಸಿದರೆ 4 ಗ್ರಾಂ. ತರಕಾರಿ ಸೇರಿ 25 ದಾಟುತ್ತಿತ್ತು. ಇಸಬ್ಗೋಲ್ ಒಂದೇ ಚಹಾ ಚಮಚ, ಅದೂ 8.30ರ ಲೋಟದ ಜೊತೆಗೆ, 9.30ಕ್ಕೆ ಇನ್ನೊಂದು ಲೋಟ ನೀರು ಇದ್ದೇ ಇದೆ ಅನ್ನುವ ಧೈರ್ಯದ ಮೇಲೆ. ಬೇರೆ ಮಾತ್ರೆ ತೆಗೆದುಕೊಳ್ಳುವವರು ಇಸಬ್ಗೋಲಿಗೂ ಮಾತ್ರೆಗೂ ನಡುವೆ ಎರಡು ಗಂಟೆ ಬಿಡಬೇಕು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಊಟ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ, ಬೆಳಗ್ಗೆ ಎದ್ದ ಮೇಲಂತೂ ಜಾಸ್ತಿ. ಮಾಮೂಲಿ ದಿನಗಳಲ್ಲಿ ತಿಂಡಿ ತಿಂದು ಅರ್ಧ ಗಂಟೆಗೆ ನನಗೆ ಒತ್ತಡ ಬರುತ್ತಿತ್ತು. ಉಪವಾಸದಲ್ಲಿ ಅದೇ ಒತ್ತಡ ಬೆಳಗಿನ ಜಾವ ಐದರ ಸುಮಾರಿಗೆ ಬರುತ್ತದೆ, ಆಗ ನಾನು ಹೊದ್ದು ಮಲಗಿರುತ್ತಿದ್ದೆ! ಒಮ್ಮೆ ತಡೆದರೆ ಅದು ಹೋಗಿಬಿಡುತ್ತದೆ, ಮತ್ತೆ ಬರುವ ಹೊತ್ತಿಗೆ ಆಫೀಸಿನಲ್ಲಿರುತ್ತೇವೆ. ಎರಡನೇ ವರ್ಷ ಬೆಳಗಿನ ಊಟವಾದ ಮೇಲೆ ಇಪ್ಪತ್ತು ನಿಮಿಷ ಎದ್ದೇ ಇರುತ್ತಿದ್ದೆ. ಆಮೇಲೆ ಕಾಲ ಕೆಳಗೆ ಸಣ್ಣ ಮಣೆ ಇಟ್ಟು, ಮಂಡಿ ಸೊಂಟಕ್ಕಿಂತ ಮೇಲಿರುವಂತೆ ಕೂರುತ್ತಿದ್ದೆ. ಹತ್ತು ನಿಮಿಷ ಮಾತ್ರ. ಬಂದರೆ ಬಂತು, ಇಲ್ಲದಿದ್ದರೆ ತಿಣುಕದೆ ಎದ್ದು ಬರುವುದು.

ಆ ವರ್ಷ ಬಹುತೇಕ ಎರಡು ದಿನಕ್ಕೊಮ್ಮೆ, ಮೂರನೇ ಬಗೆ. ಎಂಟನೇ ದಿನ ಒಂದು ಎಡವಟ್ಟಾಯಿತು. ಮನೆ ಸೇರಿದ್ದು ರಾತ್ರಿ ಒಂಬತ್ತಕ್ಕೆ, ದಾರಿಯಲ್ಲಿ ಒಂದೇ ಲೋಟ ನೀರು ಸಿಕ್ಕಿತ್ತು. ಅವತ್ತು ಇಸಬ್ಗೋಲ್ ಬಿಟ್ಟೆ, ಬೇಳೆಕಾಳು ಅರ್ಧ ಮಾಡಿದೆ, ಸೂಪು ಹೆಚ್ಚು ಕುಡಿದೆ. ನೀರು ಕೈಕೊಟ್ಟ ದಿನ ನಾರನ್ನೂ ಇಳಿಸಬೇಕು ಅನ್ನುವುದು ಮೊದಲ ವರ್ಷದ ಪಾಠ. ಮರುದಿನ ಎರಡನೇ ಬಗೆಗೆ ಇಳಿಯಿತು, ಆದರೆ ತಿಣುಕಾಟ ಇರಲಿಲ್ಲ. ಹನ್ನೊಂದನೇ ದಿನದ ಹೊತ್ತಿಗೆ ಸರಿಹೋಯಿತು.

ಬೇಗ ತೂಕ ಇಳಿಸಲು ಹೊರಟವರ ಕಥೆ ಸ್ವಲ್ಪ ಬೇರೆ. ನನ್ನ ಸಹೋದ್ಯೋಗಿಯೊಬ್ಬರು ಮೂರು ವಾರ ದಿನಕ್ಕೆ 800 ಕ್ಯಾಲೊರಿ ಅಂತ ಪ್ರೋಟೀನ್ ಪುಡಿ ಕಲಸಿ ಕುಡಿಯುತ್ತಿದ್ದರು, ಜೊತೆಗೆ ಕಬ್ಬಿಣದ ಮಾತ್ರೆ. ದಿನವಿಡೀ ನೀರು ಕುಡಿದರೂ ಹೊಟ್ಟೆ ಕಟ್ಟಿತು. ಅವರಿಗೆ ನೀರಿನ ಕೊರತೆ ಇರಲಿಲ್ಲ, ಕರುಳು ತಳ್ಳಲು ಒಳಗೆ ಏನೂ ಇರಲಿಲ್ಲ. ಕಬ್ಬಿಣವೂ ಹೊಟ್ಟೆ ಕಟ್ಟಿಸುವಂಥದ್ದು. ದಿನಕ್ಕೆ ಎರಡು ದೊಡ್ಡ ಬಟ್ಟಲು ಬೇಯಿಸಿದ ತರಕಾರಿ, ಎರಡು ಕಿವಿ ಹಣ್ಣು, ಅಡುಗೆಗೆ ಒಂದು ಚಮಚ ಎಣ್ಣೆ ಸೇರಿಸಿದೆವು, ಮಾತ್ರೆಯ ಬಗ್ಗೆ ವೈದ್ಯರ ಹತ್ತಿರ ಮಾತಾಡಿ ಬದಲಿಸಿಕೊಂಡರು. ಅದಕ್ಕೂ ಮೊದಲು ಅವರು ಸೋನಾಮುಖಿ ಸೇರಿಸಿದ ಚಹಾ ಕುಡಿದಿದ್ದರು. ಮರುದಿನ ತಕ್ಕಡಿಯಲ್ಲಿ ಒಂದು ಕೆಜಿ ಕಡಿಮೆ ತೋರಿಸಿತೆಂದು ಖುಷಿಯೋ ಖುಷಿ. ಹೋದದ್ದು ಕೊಬ್ಬಲ್ಲ, ಮಲ ಮತ್ತು ನೀರು. ಅದನ್ನೇ ದಿನಾ ಕುಡಿದರೆ ಪೊಟ್ಯಾಸಿಯಂ ಕೂಡ ಇಳಿಯುತ್ತದೆ.

ನನ್ನ ಗಡಿಯಾರ ಎಲ್ಲರಿಗೂ ಅಲ್ಲ. ಮೂತ್ರಪಿಂಡದ ಕಾಯಿಲೆ, ಹೃದಯ ವೈಫಲ್ಯ ಇದ್ದು ನೀರಿಗೆ ಮಿತಿ ಹಾಕಿಸಿಕೊಂಡವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಉಪವಾಸಕ್ಕೆ ಮೊದಲೇ ವೈದ್ಯರನ್ನು ಕೇಳಬೇಕು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಸಂಜೆಗೆ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು. ಮೋಸ ಮಾಡುವ ಇನ್ನೊಂದು ಲಕ್ಷಣ ಇದೆ. ನಾಲ್ಕೈದು ದಿನ ಕಟ್ಟಿಕೊಂಡಿದ್ದು ಆಮೇಲೆ ನೀರುನೀರಾಗಿ ಸೋರಿದರೆ ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ನುಂಗುತ್ತಾರೆ. ಅದು ಗಟ್ಟಿ ಮಲದ ಪಕ್ಕದಿಂದ ಜಾರಿ ಬರುವ ನೀರಾಗಿರಬಹುದು, ಆಗ ಆ ಮಾತ್ರೆ ಇನ್ನಷ್ಟು ಕಟ್ಟಿಸುತ್ತದೆ.

ಉಪವಾಸ ಮುಗಿದ ದಿನ ನಾನು ಇಸಬ್ಗೋಲ್ ತಟ್ಟನೆ ಬಿಡುವುದಿಲ್ಲ. ಕರುಳು ಬೆಳಗಿನ ಐದಕ್ಕೆ ಹೊಂದಿಕೊಂಡಿರುತ್ತದೆ, ಮತ್ತೆ ಎಂಟಕ್ಕೆ ಬರಲು ನನಗೆ ಮೂರು ನಾಲ್ಕು ದಿನ ಬೇಕಾಗುತ್ತದೆ. ಅಷ್ಟು ದಿನ ಅರ್ಧ ಚಮಚ, ಆಮೇಲೆ ಡಬ್ಬಿ ಕಪಾಟಿಗೆ.