ಮೂವತ್ತೆಂಟು ಪರ್ಸೆಂಟಿಗೆ ನಿಲ್ಲುತ್ತಿದ್ದ ಮದುವೆ ವಿಡಿಯೊ

ಶನಿವಾರ ರಾತ್ರಿ ಹನ್ನೊಂದೂವರೆ. ಮರುದಿನ ಮಧ್ಯಾಹ್ನ ಹಾಸನದ ಹತ್ತಿರದ ಒಂದು ಹಳ್ಳಿಯಲ್ಲಿ ಬೀಗರೂಟ. ಊಟದ ಪೆಂಡಾಲಿನಲ್ಲೇ ಎಲ್‌ಇಡಿ ಪರದೆ ಹಾಕಿ ಮದುವೆ ವಿಡಿಯೊ ತೋರಿಸಬೇಕು ಅನ್ನುವುದು ಹುಡುಗನ ಕಡೆಯವರ ಆಸೆ. ವಿಡಿಯೊ ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷದ್ದು. ಎಡಿಟಿಂಗ್ ಮುಗಿದಿತ್ತು, ಎಕ್ಸ್‌ಪೋರ್ಟಿಗೆ ಹಾಕಿ ಟೀ ಕುಡಿಯಲು ಹೋದೆ. ವಾಪಸ್ ಬಂದಾಗ ಪರದೆಯ ಮೇಲೆ Error compiling movie.

ಮತ್ತೆ ಹಾಕಿದೆ. ಮತ್ತೆ ನಿಂತಿತು. ನನ್ನ ಜೊತೆ ಕೆಲಸ ಮಾಡುವ ಹುಡುಗ "ಅಣ್ಣ, ಒಂದ್ಸಲ ರೀಸ್ಟಾರ್ಟ್ ಮಾಡೋಣ" ಅಂದ. ನಮ್ಮ ಕಸುಬಿನಲ್ಲಿ ಎಲ್ಲ ಕಾಯಿಲೆಗೂ ಅದೇ ಕಷಾಯ. ಮಾಡಿದೆವು, ಕ್ರೋಮ್ ಮುಚ್ಚಿದೆವು, ಮೂರನೇ ಸಲ ಹಾಕಿದೆವು. ಈ ಸಲ ಕದಲದೆ ಎದುರೇ ಕೂತಿದ್ದೆ. ಮೂವತ್ತೆಂಟು ಪರ್ಸೆಂಟಿಗೆ ಬಂದು ನಿಂತಿತು. "ಹಿಂದೆ ಎರಡ್ಸಲಾನೂ ಮೂವತ್ತೆಂಟೇ ಅಣ್ಣ" ಅಂದ ಹುಡುಗ.

ಅವನು ಆ ಸಂಖ್ಯೆಯನ್ನು ಗಮನಿಸಿದ್ದು ಆ ರಾತ್ರಿಯ ಅತ್ಯಂತ ಉಪಯೋಗದ ಕೆಲಸ. ಎಕ್ಸ್‌ಪೋರ್ಟ್ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ತೊಂದರೆ ಸಾಮಾನ್ಯವಾಗಿ ಟೈಮ್‌ಲೈನಿನ ಆ ಜಾಗದಲ್ಲೇ ಇರುತ್ತದೆ: ಕೆಟ್ಟ ಕ್ಲಿಪ್, ಭಾರದ ಎಫೆಕ್ಟ್, ಇಲ್ಲ ಒಂದು ಟೈಟಲ್. ಒಮ್ಮೆ ಹನ್ನೆರಡು, ಒಮ್ಮೆ ಐವತ್ತೈದು, ಒಮ್ಮೆ ಮೂವತ್ತು ಅಂತ ಮನಬಂದಲ್ಲಿ ನಿಂತರೆ ಟೈಮ್‌ಲೈನ್ ಹುಡುಕಿ ಪ್ರಯೋಜನವಿಲ್ಲ, ಮೊದಲು ಯಂತ್ರವನ್ನೇ ನೋಡಬೇಕು. ಒಂದು ಏಪ್ರಿಲ್‌ನಲ್ಲಿ ಲ್ಯಾಪ್‌ಟಾಪ್ ಹೀಗೇ ಆಡಿಸಿತ್ತು. ಬಿಚ್ಚಿ ನೋಡಿದರೆ ಫ್ಯಾನಿನಲ್ಲಿ ಬೆರಳು ದಪ್ಪ ಧೂಳು.

ನಾನು ಬಳಸುವುದು ಪ್ರೀಮಿಯರ್ ಪ್ರೊ. ಅದರ ತಪ್ಪಿನ ಸಂದೇಶವನ್ನು ನಾವ್ಯಾರೂ ಪೂರ್ತಿ ಓದುವುದಿಲ್ಲ, ಮೊದಲ ಸಾಲು ನೋಡಿದ್ದೇ ಬೈದು OK ಒತ್ತುತ್ತೇವೆ. ಅದರ ಕೆಳಗೆ ಹಲವು ಸಲ Around timecode ಅಂತ ಒಂದು ಸಾಲಿರುತ್ತದೆ. ನಮ್ಮದರಲ್ಲಿ 00:31:46:12 ಅಂತ ಇತ್ತು. ಅಲ್ಲಿಗೆ ಹೋಗಿ ನೋಡಿದರೆ ಹುಡುಗಿಯ ಬಾಲ್ಯದ ಫೋಟೊಗಳು. ಚಿಕ್ಕಮ್ಮನ ಮಗ ಹಳೇ ಆಲ್ಬಮ್ಮಿನ ಹನ್ನೊಂದು ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದು, ಕ್ವಾಲಿಟಿ ಹೋಗಬಾರದು ಅಂತ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ್ದ. ಒಂದೊಂದೂ ನಿಧಾನಕ್ಕೆ ಜೂಮ್ ಆಗುತ್ತಾ ಇನ್ನೊಂದರಲ್ಲಿ ಕರಗುವ ಹಾಗೆ ಡಿಸಾಲ್ವ್ ಹಾಕಿದ್ದೆ. ಮೊದಲ ಡಿಸಾಲ್ವಿನಲ್ಲೇ ಎಕ್ಸ್‌ಪೋರ್ಟ್ ಸಾಯುತ್ತಿತ್ತು.

ಫೋಟೊದ ಪ್ರಾಪರ್ಟೀಸ್ ತೆಗೆದೆ. ಪಾಪದ ಹುಡುಗ 108 ಮೆಗಾಪಿಕ್ಸೆಲ್ ಮೋಡಿನಲ್ಲಿ ತೆಗೆದಿದ್ದಾನೆ, 12000 × 9000. ಡಿಸ್ಕಿನಲ್ಲಿ ಫೈಲ್ ಇಪ್ಪತ್ತು ಎಂಬಿ ಆಸುಪಾಸು ಇರುವುದರಿಂದ ಅನುಮಾನವೇ ಬರುವುದಿಲ್ಲ. ಆದರೆ ಗ್ರಾಫಿಕ್ಸ್ ಕಾರ್ಡಿನ ಒಳಗೆ ಫೋಟೊ ಹಾಗೆ ಮಡಚಿಕೊಂಡು ಇರುವುದಿಲ್ಲ, ಪೂರ್ತಿ ಬಿಚ್ಚಿಕೊಳ್ಳುತ್ತದೆ. ಹತ್ತು ಕೋಟಿ ಎಂಬತ್ತು ಲಕ್ಷ ಪಿಕ್ಸೆಲ್, ಪ್ರೀಮಿಯರ್‌ನ ಒಳಲೆಕ್ಕದಲ್ಲಿ ಪಿಕ್ಸೆಲ್ಲಿಗೆ ಹದಿನಾರು ಬೈಟ್ ಹಿಡಿದರೆ ಸುಮಾರು 1.7 ಜಿಬಿ. ಡಿಸಾಲ್ವ್ ಅಂದರೆ ಒಂದೇ ಹೊತ್ತಿಗೆ ಎರಡು ಫೋಟೊ, 3.4 ಜಿಬಿ. ನನ್ನ ಕಾರ್ಡಿನ ಮೆಮೊರಿಯೇ 4 ಜಿಬಿ, ಅದರಲ್ಲಿ ಪರದೆಗೆ, ವಿಂಡೋಸಿಗೆ ಒಂದಿಷ್ಟು ಹೋಗಿರುತ್ತದೆ. ಇನ್ನೆಲ್ಲಿ ಹಿಡಿಸಬೇಕು?

"ಟೈಮ್‌ಲೈನಲ್ಲಿ ಚೆನ್ನಾಗೇ ಓಡ್ತಿತ್ತಲ್ಲಣ್ಣ" ಅನ್ನುವುದು ಹುಡುಗನ ಪ್ರಶ್ನೆ. ಓಡುತ್ತಿತ್ತು ನಿಜ. ನಾವು ಎಡಿಟ್ ಮಾಡುವಾಗ ಪ್ಲೇಬ್ಯಾಕ್ 1/4 ಗುಣಮಟ್ಟದಲ್ಲಿತ್ತು, ಜೊತೆಗೆ ಆಗದ ಫ್ರೇಮನ್ನು ಹಾರಿಸಿ ಮುಂದೆ ಹೋಗುವ ಸ್ವಾತಂತ್ರ್ಯ ಪ್ಲೇಬ್ಯಾಕಿಗೆ ಇದೆ. ಎಕ್ಸ್‌ಪೋರ್ಟಿಗೆ ಆ ಸ್ವಾತಂತ್ರ್ಯವಿಲ್ಲ. ಒಂದು ಫ್ರೇಮ್ ತಯಾರಾಗದಿದ್ದರೆ ಇಡೀ ಕೆಲಸ ಅಲ್ಲಿಗೇ ಬಂದ್.

ಹನ್ನೊಂದು ಫೋಟೊಗಳನ್ನೂ 4000 × 3000ಕ್ಕೆ ಇಳಿಸಿ Replace Footage ಮಾಡಿದೆ. ಹೀಗೆ ಮಾಡಿದರೆ ಜೂಮ್, ಡಿಸಾಲ್ವ್ ಎಲ್ಲ ಹಾಗೇ ಉಳಿಯುತ್ತವೆ, ಸ್ಕೇಲ್ ಮಾತ್ರ ಮೂರು ಪಟ್ಟು ಮಾಡಬೇಕು. 16 ಇದ್ದದ್ದು 48. ಇದನ್ನು ಮರೆತರೆ ಫೋಟೊ ಪರದೆಯ ಮಧ್ಯೆ ಅಂಚೆಚೀಟಿಯ ಹಾಗೆ ಕೂರುತ್ತದೆ. ಆಮೇಲೆ ಇಡೀ ವಿಡಿಯೊ ಮತ್ತೆ ಹಾಕಲಿಲ್ಲ. ಆ ಜಾಗದ ಹಿಂದೆ ಹತ್ತು ಸೆಕೆಂಡ್, ಮುಂದೆ ಹತ್ತು ಸೆಕೆಂಡ್ ಇನ್, ಔಟ್ ಗುರುತು ಹಾಕಿ ಅಷ್ಟನ್ನೇ ಎಕ್ಸ್‌ಪೋರ್ಟ್ ಮಾಡಿದೆ. ಒಂದು ನಿಮಿಷದೊಳಗೆ ಉತ್ತರ ಸಿಕ್ಕಿತು. ಮೊದಲೇ ಹೀಗೆ ಮಾಡಿದ್ದರೆ ಎರಡು ಗಂಟೆ ನಿದ್ದೆ ಉಳಿಯುತ್ತಿತ್ತು.

ಒಂದೇ ಜಾಗದಲ್ಲಿ ನಿಂತರೂ ಟೈಮ್‌ಲೈನಿನ ತಪ್ಪಲ್ಲದ ಒಂದು ಪ್ರಸಂಗ ಇದೆ, ಅದರಲ್ಲೂ ನಾನು ಬಿದ್ದಿದ್ದೇನೆ. ಅವಸರಕ್ಕೆ ನೇರ ಪೆನ್‌ಡ್ರೈವಿಗೇ ಎಕ್ಸ್‌ಪೋರ್ಟ್ ಹಾಕುವುದು. ಎಷ್ಟೋ ಪೆನ್‌ಡ್ರೈವ್‌ಗಳು FAT32ನಲ್ಲಿ ಫಾರ್ಮ್ಯಾಟ್ ಆಗಿರುತ್ತವೆ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಡ್ರೈವಿನಲ್ಲಿ ಎಷ್ಟು ಜಾಗ ಖಾಲಿಯಿದ್ದರೂ ಅಷ್ಟೇ. 16 ಎಂಬಿಪಿಎಸ್ ಬಿಟ್‌ರೇಟಿನಲ್ಲಿ ಸೆಕೆಂಡಿಗೆ 2 ಎಂಬಿ ಬರೆಯುತ್ತದೆ, ಅಂದರೆ ಮೂವತ್ತೈದು ಮುಕ್ಕಾಲು ನಿಮಿಷಕ್ಕೆ ಕೊಡ ತುಂಬಿತು. ಪತ್ತೆ ಸುಲಭ: ಬಿಟ್‌ರೇಟ್ ಬದಲಿಸಿದರೆ ನಿಲ್ಲುವ ಜಾಗವೂ ಬದಲಾಗುತ್ತದೆ. ಫೋಟೊದ ತೊಂದರೆಯಾದರೆ ಬಿಟ್‌ರೇಟ್ ಎಷ್ಟಿಟ್ಟರೂ ಅಲ್ಲೇ ನಿಲ್ಲುತ್ತದೆ. ಈಗ ಪೆನ್‌ಡ್ರೈವನ್ನು exFATಗೆ ಬದಲಿಸಿಕೊಳ್ಳುತ್ತೇನೆ, ಎಕ್ಸ್‌ಪೋರ್ಟ್ ಮಾತ್ರ ಯಾವತ್ತೂ ಒಳಗಿನ ಡಿಸ್ಕಿಗೆ.

ಆ ರಾತ್ರಿ ಇನ್ನೊಂದು ಭಯವಿತ್ತು: ಕರೆಂಟು. ಹಾಗಾಗಿ ನೇರ ಎಕ್ಸ್‌ಪೋರ್ಟ್ ಬಿಟ್ಟು ಮೊದಲು ರೆಂಡರ್ ಹಾಕಿದೆ. ಎರಡೂ ಒಂದೇ ಅಂತ ಬಹಳ ದಿನ ನಾನೂ ಅಂದುಕೊಂಡಿದ್ದೆ. ಡಾವಿಂಚಿ ರಿಸಾಲ್ವ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವ ಬಟನ್ ಮೇಲೇ Render All ಅಂತ ಬರೆದಿರುವಾಗ ಗೊಂದಲವಾಗದೆ ಇನ್ನೇನು. ಪ್ರೀಮಿಯರ್‌ನಲ್ಲಿ ರೆಂಡರ್ ಅಂದರೆ ಟೈಮ್‌ಲೈನಿನ ಕೆಂಪು, ಹಳದಿ ಗೆರೆಯ ಭಾಗಗಳ ಎಫೆಕ್ಟುಗಳನ್ನೆಲ್ಲ ಲೆಕ್ಕ ಹಾಕಿ, ತುಂಡು ತುಂಡಾಗಿ ಪ್ರಿವ್ಯೂ ಫೈಲ್ ಮಾಡಿ ಇಟ್ಟುಕೊಳ್ಳುವುದು. ಆದ ಭಾಗ ಹಸಿರಾಗುತ್ತದೆ. ಎಂಟರ್ ಒತ್ತಿದರೆ ಕೆಂಪು ಭಾಗ ಮಾತ್ರ ಆಗುತ್ತದೆ, ಹಳದಿಯೂ ಬೇಕೆಂದರೆ Sequence ಮೆನುವಿನಲ್ಲಿ Render In to Out. ಈ ಫೈಲುಗಳು ನಮ್ಮ ಅನುಕೂಲಕ್ಕೆ, ಗಿರಾಕಿಗೆ ಕೊಡುವುದಲ್ಲ. ಎಕ್ಸ್‌ಪೋರ್ಟ್ ಅಂದರೆ ಮೊದಲ ಫ್ರೇಮಿನಿಂದ ಕೊನೆಯವರೆಗೆ ಎಲ್ಲವನ್ನೂ ಒತ್ತಿ ಒಂದೇ ಫೈಲಾಗಿ ಕಟ್ಟುವುದು.

ನಿಂತುಹೋದಾಗ ವ್ಯತ್ಯಾಸ ಗೊತ್ತಾಗುತ್ತದೆ. ಎಂಪಿ4 ಎಕ್ಸ್‌ಪೋರ್ಟ್ ತೊಂಬತ್ತೈದು ಪರ್ಸೆಂಟಿಗೆ ನಿಂತರೂ ಕೈಗೆ ಬರುವುದು ಶೂನ್ಯ, ಯಾಕೆಂದರೆ ಯಾವ ಫ್ರೇಮ್ ಎಲ್ಲಿದೆ ಅನ್ನುವ ಪಟ್ಟಿಯನ್ನು ಅದು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ. ಪಟ್ಟಿಯಿಲ್ಲದ ಫೈಲನ್ನು ಪ್ಲೇಯರ್ ತೆರೆಯುವುದೇ ಇಲ್ಲ. ರೆಂಡರ್ ನಡುವೆ ನಿಂತರೆ ಅಲ್ಲಿಯವರೆಗೆ ಹಸಿರಾದ ತುಂಡುಗಳು ಡಿಸ್ಕಿನಲ್ಲೇ ಇರುತ್ತವೆ. ಪ್ರಾಜೆಕ್ಟ್ ಸೇವ್ ಆಗಿದ್ದರೆ ಅಲ್ಲಿಂದ ಮುಂದುವರಿಸಬಹುದು.

ಆದರೆ ರೆಂಡರ್ ಮಾಡಿದ ಮಾತ್ರಕ್ಕೆ ಎಕ್ಸ್‌ಪೋರ್ಟ್ ಅದನ್ನು ಬಳಸುವುದಿಲ್ಲ, ಎಕ್ಸ್‌ಪೋರ್ಟ್ ಕಿಟಕಿಯಲ್ಲಿ Use Previews ಗುರುತು ಹಾಕಬೇಕು. ಹಾಕುವ ಮುಂಚೆ Sequence Settings ನೋಡಿ, ಪ್ರಿವ್ಯೂ ಯಾವ ಗುಣಮಟ್ಟದಲ್ಲಿದೆ ಅಂತ. ಕಳಪೆಯಿದ್ದರೆ ವಿಡಿಯೊವೂ ಕಳಪೆಯೇ. ನಾನು ಅಲ್ಲಿ ಪ್ರೋರೆಸ್ 422 ಇಟ್ಟಿರುತ್ತೇನೆ. ಎಚ್‌ಡಿಗೆ, 25 ಫ್ರೇಮಿನಲ್ಲಿ, ಗಂಟೆಗೆ ಸುಮಾರು 55 ಜಿಬಿ ನುಂಗುತ್ತದೆ, ಅಷ್ಟು ಜಾಗ ಖಾಲಿ ಇರಬೇಕು. ಆ ರಾತ್ರಿ ಎರಡು ಗಂಟೆಗೆ ಕರೆಂಟು ಹೋಯಿತು, ಯುಪಿಎಸ್ ಹತ್ತು ನಿಮಿಷ ತಡೆಯಿತು. ಅಷ್ಟರಲ್ಲಿ ನಿಲ್ಲಿಸಿ ಸೇವ್ ಮಾಡಿ ಆಫ್ ಮಾಡಿದೆ. ಕರೆಂಟು ಬಂದ ಮೇಲೆ ತೆರೆದರೆ ಮುಕ್ಕಾಲು ಭಾಗ ಹಸಿರಾಗೇ ಇತ್ತು.

ಬ್ಯಾಕಪ್ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಅದಕ್ಕೂ ಮುಂಚೆ, ಬಹಳ ದುಬಾರಿ ಬೆಲೆಗೆ. ಆಗ ಇದ್ದ ಇನ್ನೊಬ್ಬ ಹುಡುಗನಿಗೆ "ಪ್ರಾಜೆಕ್ಟ್ ಕಾಪಿ ಮಾಡಿಡಪ್ಪ" ಅಂದಿದ್ದೆ, ಅವನು ಮಾಡಿಟ್ಟಿದ್ದ. ಹಾರ್ಡ್‌ಡಿಸ್ಕ್ ಮೇಜಿನಿಂದ ಬಿದ್ದು ಸತ್ತ ದಿನ ಕಾಪಿ ತೆಗೆದು ನೋಡಿದರೆ ಒಂದೇ .prproj ಫೈಲು, ಹದಿನೆಂಟು ಎಂಬಿ. ತೆರೆದರೆ ಎಲ್ಲ ಕಟ್‌ಗಳೂ ಜಾಗದಲ್ಲೇ ಇವೆ, ಚಿತ್ರ ಮಾತ್ರ ಒಂದೂ ಇಲ್ಲ. ಪ್ರತಿ ಶಾಟಿನ ಮೇಲೂ Media Offline. ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೊ ಇರುವುದಿಲ್ಲ, ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿ ಯಾವ ಕ್ಲಿಪ್ ಇದೆ ಅನ್ನುವ ವಿಳಾಸ ಮತ್ತು ನಮ್ಮ ಕತ್ತರಿಯ ಲೆಕ್ಕ ಇರುತ್ತದೆ. ಆಟೋ ಸೇವ್ ಇದೆಯಲ್ಲ ಅಂತ ಧೈರ್ಯ ಮಾಡುವವರಿಗೂ ಇದೇ ಗತಿ: ಆ ಫೋಲ್ಡರ್ ಸಾಮಾನ್ಯವಾಗಿ ಪ್ರಾಜೆಕ್ಟಿನ ಪಕ್ಕದಲ್ಲೇ, ಅದೇ ಡಿಸ್ಕಿನಲ್ಲಿರುತ್ತದೆ.

ಈಗ ಎರಡನ್ನೂ ಬೇರೆ ಬೇರೆಯಾಗಿ ಕಾಯುತ್ತೇನೆ. ಚಿತ್ರೀಕರಣದ ರಾತ್ರಿಯೇ ಕಾರ್ಡುಗಳು ಎರಡು ಹಾರ್ಡ್‌ಡಿಸ್ಕಿಗೆ ಹೋಗುತ್ತವೆ, ಎರಡರಲ್ಲೂ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ತಾಳೆಯಾಗಿ, ಒಂದಷ್ಟು ಕ್ಲಿಪ್ ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಇಲ್ಲ. ಒಂದು ಡಿಸ್ಕ್ ಮನೆಗೆ, ಒಂದು ಸ್ಟುಡಿಯೊದಲ್ಲಿ. ಒಂದು ಮದುವೆಗೆ ಒಂದೇ ಫೋಲ್ಡರ್. ವಾಟ್ಸ್ಆ್ಯಪ್‌ನಿಂದ ಬಂದ ಫೋಟೊ, ಹಾಡು ಎಲ್ಲ ಮೊದಲು ಅದರೊಳಗೆ ಬಂದು ಆಮೇಲೆ ಟೈಮ್‌ಲೈನಿಗೆ. ಡೌನ್‌ಲೋಡ್ಸ್ ಫೋಲ್ಡರಿನಿಂದ ನೇರ ಎಳೆದ ಹಾಡೇ ಯಾವಾಗಲೂ ಕಾಪಿಯಲ್ಲಿ ತಪ್ಪಿಹೋಗುವುದು. ಪ್ರಾಜೆಕ್ಟ್ ಫೈಲನ್ನು ಮಾತ್ರ ದಿನಾ ಸಂಜೆ ಹೊಸ ಹೆಸರಿನಲ್ಲಿ, ದಿನಾಂಕ ಸೇರಿಸಿ, Save As ಮಾಡಿ ಗೂಗಲ್ ಡ್ರೈವಿಗೆ ಹಾಕುತ್ತೇನೆ. ಹದಿನೆಂಟು ಎಂಬಿಗೆ ಎಷ್ಟು ಹೊತ್ತು ಬೇಕು? ಹಳೇ ಹೆಸರಿನ ಮೇಲೇ ಸೇವ್ ಮಾಡಿದರೆ ಫೈಲ್ ಕೆಟ್ಟ ದಿನ ಕೆಟ್ಟದ್ದೇ ಮೇಲೂ ಹೋಗುತ್ತದೆ. ನಿಜವಾಗಿಯೂ ಕೆಟ್ಟು ತೆರೆಯದಿದ್ದರೆ ಹೊಸ ಖಾಲಿ ಪ್ರಾಜೆಕ್ಟ್ ಮಾಡಿ, ಅದರೊಳಗೆ ಹಳೆಯದನ್ನು ಇಂಪೋರ್ಟ್ ಮಾಡಿ ನೋಡಿ. ನನಗೆ ಎರಡು ಸಲ ಹಾಗೆ ಬದುಕಿಕೊಂಡಿದೆ.

ಕಾಪಿ ಸರಿಯಿದೆಯೇ ಅಂತ ನೋಡಲು ಮೂಲ ಡಿಸ್ಕ್ ಕಿತ್ತು ಹಾಕಿ, ಮನೆಯ ಡಿಸ್ಕನ್ನು ಹುಡುಗನ ಲ್ಯಾಪ್‌ಟಾಪಿಗೆ ಜೋಡಿಸಿ ಪ್ರಾಜೆಕ್ಟ್ ತೆರೆಯುತ್ತೇನೆ. ಡ್ರೈವಿನ ಅಕ್ಷರ ಬದಲಾದರೆ Link Media ಕಿಟಕಿ ಬರುತ್ತದೆ, ಒಂದು ಕ್ಲಿಪ್ ತೋರಿಸಿದರೆ ಅದೇ ಫೋಲ್ಡರಿನ ಉಳಿದವನ್ನು ತಾನೇ ಹುಡುಕಿಕೊಳ್ಳುತ್ತದೆ. ಆಮೇಲೂ ಕೆಂಪಾಗಿ ಉಳಿದ ಕ್ಲಿಪ್ ಯಾವುದೋ, ಅದೇ ನಾವು ಕಾಪಿ ಮಾಡದೆ ಬಿಟ್ಟದ್ದು.

ಬೀಗರೂಟದ ವಿಡಿಯೊ ಬೆಳಗ್ಗೆ ಐದೂವರೆಗೆ ಎಕ್ಸ್‌ಪೋರ್ಟ್ ಮುಗಿಯಿತು. ಪೆಂಡಾಲಿನಲ್ಲಿ ಆ ಚಿಕ್ಕಮ್ಮನ ಮಗ ಸಿಕ್ಕಿ, "ಫೋಟೊ ಸೂಪರಾಗ್ ಬಂದಿದಾವೆ ಅಣ್ಣ, ಫುಲ್ ಕ್ವಾಲಿಟೀಲಿ ಕಳ್ಸಿದ್ನಲ್ಲ" ಅಂದ. ಹೂಂ ಕಣಪ್ಪ, ಅಂದೆ.