ಲೈಸೆನ್ಸ್ ಮುಗಿದು ಬಿಲ್ಲಿಂಗ್ ನಿಂತಾಗ ಮ್ಯಾನೇಜರ್‌ಗೆ ಹೇಳುವುದು ಹೇಗೆ?

ಮಂಗಳೂರು ಬಂದರಿನ ಒಂದು ಸಗಟು ಅಂಗಡಿಯಲ್ಲಿ ಸೋಮವಾರ ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಆಮೇಲೆ ಬಿಲ್ಲಿಂಗ್ ಶುರುವಾಗಲೇ ಇಲ್ಲ. ಮಳೆಗೆ ಸರ್ವರ್ ಕೆಟ್ಟಿದೆ ಅಂತ ಎಲ್ಲರೂ ಅಂದುಕೊಂಡರು. ಲಾಗ್ ತೆರೆದರೆ `License expired` ಅಂತಿತ್ತು.

ಲೈಸೆನ್ಸ್ ಮುಗಿದದ್ದು ಶುಕ್ರವಾರವೇ. ಆದರೆ ಆ ಸಾಫ್ಟ್‌ವೇರ್ ತಾರೀಕು ನೋಡುವುದು ಶುರುವಾಗುವಾಗ ಮಾತ್ರ. ಹಾಗಾಗಿ ಶನಿವಾರ ಏನೂ ಗೊತ್ತಾಗಲಿಲ್ಲ. ಮ್ಯಾನೇಜರ್‌ಗೆ ಇದನ್ನೇ ಬಿಡಿಸಿ ಹೇಳಬೇಕು. ಇಲ್ಲವಾದರೆ ಅವರು ಸುಮ್ನೆ ಹೊಸ ಯುಪಿಎಸ್‌ಗೆ ದುಡ್ಡು ಹಾಕುತ್ತಾರೆ, ಅಲ್ವಾ?

ಹೀಗೆ ಬರೆಯಬಹುದು: "ಸರ್, ಯಂತ್ರ ಕೆಟ್ಟಿಲ್ಲ, ಹಳೆಯ ಬಿಲ್‌ಗಳೆಲ್ಲ ಹಾಗೇ ಇವೆ. ಗಾಡಿಯ ಇನ್ಶೂರೆನ್ಸ್ ಮುಗಿದ ಹಾಗೆ, ಸಾಫ್ಟ್‌ವೇರ್ ಬಳಸುವ ಅನುಮತಿಯ ಅವಧಿ ಮುಗಿದಿತ್ತು. ಹಣ ಕಟ್ಟಿ ಹೊಸ ಲೈಸೆನ್ಸ್ ಫೈಲ್ ಹಾಕಿದ ಮೇಲೆ ಬಿಲ್ಲಿಂಗ್ ಸರಿಯಾಯಿತು. ನೆನಪೋಲೆಗಳು ಬಂದಿದ್ದವು, ಆದರೆ ಕೆಲಸ ಬಿಟ್ಟುಹೋದವರ ಇಮೇಲ್‌ಗೆ."

ಬಿಟ್ಟುಹೋದವರ ಮೇಲೆ ತಪ್ಪು ಹೊರಿಸಬೇಡಿ. ಅವರ ವಿಳಾಸ ಬದಲಿಸುವ ಕೆಲಸ ಯಾರ ಪಾಲಿಗೂ ಇರಲಿಲ್ಲ, ಅದನ್ನು ನೇರವಾಗಿ ಹೇಳಿ.

ಜೊತೆಗೆ ಮ್ಯಾನೇಜರ್ ಹತ್ತಿರ ಎರಡು ವಿಷಯಕ್ಕೆ ಒಪ್ಪಿಗೆ ಕೇಳಿ. ಮಾರಾಟಗಾರರ ಬಳಿ ಇರುವ ಸಂಪರ್ಕ ಇಮೇಲ್ ಒಬ್ಬರದ್ದಾಗಿರದೆ, ಐಟಿ ಮತ್ತು ಅಕೌಂಟ್ಸ್ ಇಬ್ಬರೂ ನೋಡುವ ಗುಂಪು ವಿಳಾಸವಾಗಲಿ. ಹಾಗೇ ತಿಂಗಳಿಗೊಮ್ಮೆ ಸಾಫ್ಟ್‌ವೇರ್‌ನ ಲೈಸೆನ್ಸ್ ಪುಟ ತೆರೆದು ತಾರೀಕು ನೋಡುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಲಿ. ಮೇಲ್ ಸ್ಪ್ಯಾಮ್‌ಗೆ ಹೋದರೂ ಆಗ ಗೊತ್ತಾಗುತ್ತದೆ. ಖರೀದಿ ಮಂಜೂರಾತಿಗೆ ಸಮಯ ಬೇಕಲ್ಲ, 60 ದಿನ ಉಳಿದಿರುವಾಗಲೇ ಅಕೌಂಟ್ಸ್‌ಗೆ ಹೇಳಿಬಿಡಿ.