ಉದ್ದದ ರಿವ್ಯೂನಲ್ಲಿ ಮೊದಲು ಅನುಮಾನದ ಸಾಲು ಹುಡುಕಿ

ಮನೆಯಿಂದ ಉಪ್ಪಿನಕಾಯಿ, ಚಟ್ನಿಪುಡಿ ಮಾರುವವರಿಗೆ ಒಂದು ಸಲಹೆ. ಗ್ರಾಹಕರು ವಾಟ್ಸಾಪ್‌ನಲ್ಲಿ ಹನ್ನೆರಡು ಸಾಲು ರಿವ್ಯೂ ಬರೆದಿದ್ದರೆ, ಅದನ್ನು ಪೋಸ್ಟ್ ಮಾಡುವಾಗ ಎರಡೇ ಸಾಲು ಉಳಿಸಿ: ತರಿಸುವ ಮುಂಚೆ ಅವರಿಗಿದ್ದ ಅನುಮಾನ, ಆಮೇಲೆ ನಿಜಕ್ಕೂ ಆಗಿದ್ದು. "ಎಣ್ಣೆ ಸೋರುತ್ತೆ ಅಂತ ಹೆದರಿದ್ದೆ... ಪುಣೆಗೆ ಬರೋಕೆ ನಾಲ್ಕು ದಿನ ಆಯ್ತು, ಒಂದು ಹನಿನೂ ಹೊರಗೆ ಬಂದಿರಲಿಲ್ಲ." ಅಷ್ಟೇ ಸಾಕು, "ಸೂಪರ್", "ಅಮ್ಮನ ಕೈರುಚಿ" ಎಲ್ಲ ತೆಗೆಯಿರಿ. ಹೊಸಬರಿಗೂ ಅದೇ ಅನುಮಾನ ಇರುತ್ತೆ ಅಲ್ವಾ, ಅದಕ್ಕೇ ನಂಬುತ್ತಾರೆ. ಹೊಗಳಿಕೆಯನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಕತ್ತರಿಸಿ, ಆದರೆ ಒಂದು ಪದವನ್ನೂ ಸೇರಿಸಬೇಡಿ, ಅವರ ಆಡುಮಾತನ್ನು ತಿದ್ದಲೂ ಬೇಡಿ, ಬಿಟ್ಟ ಜಾಗಕ್ಕೆ ಮೂರು ಚುಕ್ಕಿ ಇಡಿ. ಒಪ್ಪಿಗೆ ಕೇಳುವಾಗ ಸುಮ್ನೆ "ಹಾಕಲಾ?" ಅನ್ನಬೇಡಿ. ತಯಾರಾದ ಪೋಸ್ಟನ್ನೇ ಕಳಿಸಿ, "ಮೇಡಂ, ಇದನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹೀಗೇ ಹಾಕಬಹುದಾ? ಹೆಸರು ಪೂರ್ತಿ ಹಾಕಲಾ, ಬರೀ ಊರು ಸಾಕಾ? ಬೇಡ ಅಂದ್ರೂ ಪರವಾಗಿಲ್ಲ" ಅಂತ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನೀಲಿ ಟಿಕ್ ಬಂದು ಉತ್ತರ ಬರದಿದ್ದರೆ ಅದು ಒಪ್ಪಿಗೆಯಲ್ಲ. ಬರೀ "ಚೆನ್ನಾಗಿದೆ" ಅಂತ ಬರೆದವರ ಹತ್ತಿರ ಈ ಉಪಾಯ ನಡೆಯಲ್ಲ, "ತರಿಸೋ ಮುಂಚೆ ಏನು ಯೋಚನೆ ಇತ್ತು?" ಅಂತ ಕೇಳಿ ನೋಡಬೇಕು. "ಉಪ್ಪು ಜಾಸ್ತಿ, ಆದರೂ ಪ್ಯಾಕಿಂಗ್ ಚೆನ್ನಾಗಿದೆ" ಅನ್ನುವಂಥದ್ದರಲ್ಲಿ ಉಪ್ಪಿನ ಮಾತು ನುಂಗಿ ಪ್ಯಾಕಿಂಗ್ ಮಾತ್ರ ಹಾಕಿದರೆ ಅದು ಮೋಸವೇ, ಎರಡನ್ನೂ ಹಾಕಿ. ಬಾಟಲಿ ಉಚಿತವಾಗಿ ಕೊಟ್ಟಿದ್ದರೆ ಅದನ್ನೂ ಪೋಸ್ಟಿನಲ್ಲೇ ಹೇಳಿ. "ಶುಗರ್ ಕಡಿಮೆ ಆಯ್ತು" ಅನ್ನೋ ಸಾಲನ್ನಂತೂ, ಅವರೇ ಒಪ್ಪಿದರೂ, ಹಾಕಲೇಬೇಡಿ.